ಉಗುರಿನ ಕಪ್ಪು ಗೆರೆ ಬರೀ ಪೆಟ್ಟೇ?

"ಎಲ್ಲೋ ಎಡವಿರಬೇಕು ಬಿಡಮ್ಮಾ" ಅಂದರು ಬಂಗಾರಪೇಟೆಯ ನಮ್ಮ ಪಕ್ಕದ ಮನೆ ಅಜ್ಜಿ. ಕಾಲಿನ ಹೆಬ್ಬೆರಳ ಉಗುರಲ್ಲಿ ಕಪ್ಪು ಗೆರೆ ಮೂಡಿತ್ತು. ಕೆ.ಜಿ.ಎಫ್‌ನ ವೈದ್ಯರೊಬ್ಬರೂ ಪೆಟ್ಟೆಂದೇ ತಿಳಿದು ಮುಲಾಮು ಕೊಟ್ಟರು. ಆರು ತಿಂಗಳಾದರೂ ಗೆರೆ ಹೋಗಲಿಲ್ಲ, ಅಗಲವಾಯಿತು. ಬಯಾಪ್ಸಿ ಮಾಡಿಸಿದರೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್!

ವೈದ್ಯರನ್ನಷ್ಟೇ ದೂರಿ ಏನು ಪ್ರಯೋಜನ ಹೇಳಿ? ಹೆಸರುವಾಸಿ ವಿದೇಶಿ ವೈದ್ಯಪುಸ್ತಕಗಳ ಚಿತ್ರಗಳಲ್ಲಿ ಬಹುಪಾಲು ಬಿಳಿ ಚರ್ಮವೇ. ಅವುಗಳಲ್ಲಿ ದದ್ದು ಕೆಂಪಗಿರುತ್ತೆ; ನಮ್ಮ ಮೈಬಣ್ಣದಲ್ಲಿ ಅದೇ ದದ್ದು ನೇರಳೆ ಇಲ್ಲವೇ ಗಾಢ ಕಂದು. ಬಿಳಿಯರಿಗೆ ಮೆಲನೋಮಾ ಹೆಚ್ಚಾಗಿ ಬೆನ್ನು, ಕಾಲುಗಳ ಮೇಲೆ ಬರುತ್ತೆ. ನಮಗೆ ಅಪರೂಪ ನಿಜ, ಬಂದರೆ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಹೆಚ್ಚು. ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳ ಮೆಲನೋಮಾವನ್ನೂ ಮೊದಲು ಫುಟ್‌ಬಾಲ್ ಆಟದ ಪೆಟ್ಟು ಅಂದುಕೊಂಡಿದ್ದರು. 1981ರಲ್ಲಿ, 36ರ ವಯಸ್ಸಿಗೇ ಅವರು ತೀರಿಕೊಂಡರು.

ಹಾಗಂತ ಗಾಬರಿ ಬೇಡ. ಕಪ್ಪು ಮೈಬಣ್ಣದವರ ಉಗುರುಗಳಲ್ಲಿ ತೆಳು ಗೆರೆಗಳು ಸಾಮಾನ್ಯ. ಪೆಟ್ಟಿನ ಕಪ್ಪಾದರೆ ಉಗುರು ಬೆಳೆದಂತೆ ತುದಿಯತ್ತ ಸರಿಯುತ್ತೆ, ಬುಡದಲ್ಲಿ ಹೊಸ ಉಗುರು ಸ್ವಚ್ಛವಾಗಿ ಬರುತ್ತೆ. ಒಂದೇ ಉಗುರಿನ ಗೆರೆ ಬುಡದಿಂದಲೇ ಅಗಲವಾಗುತ್ತಿದ್ದರೆ, ಕಪ್ಪು ಪಕ್ಕದ ಚರ್ಮಕ್ಕೂ ಹರಡಿದರೆ, ಅಂಗಾಲಿನ ಮಚ್ಚೆ ಬೆಳೆಯುತ್ತಿದ್ದರೆ ತಡಮಾಡದೆ ಚರ್ಮವೈದ್ಯರಿಗೆ ತೋರಿಸಿ. "ಬಯಾಪ್ಸಿ ಬೇಕಾ ಡಾಕ್ಟ್ರೇ?" ಅಂತ ನೀವೇ ಕೇಳಿ.

ನಮ್ಮ ವೈದ್ಯಕೀಯ ಕಾಲೇಜುಗಳು ನಮ್ಮವರದೇ ಚರ್ಮದ ಚಿತ್ರ ತೋರಿಸಿ ಪಾಠ ಮಾಡಲಿ. ಅಲ್ಲಿಯವರೆಗೆ, ತಿಂಗಳಿಗೊಮ್ಮೆ ಸ್ನಾನದ ನಂತರ ನೇಲ್ ಪಾಲಿಶ್ ಅಳಿಸಿ, ನಿಮ್ಮ ಮತ್ತು ಮನೆಯ ಹಿರಿಯರ ಪಾದಗಳನ್ನು ಬೆಳಕಿನಲ್ಲಿ ನೋಡಿ.