ನಮ್ಮ ಬ್ಯಾಂಕ್ ಶಾಖೆಯ ಮ್ಯಾನೇಜರಿಗೆ ಫ್ರೀಮಾಂಟ್‌ನಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮನ್ನು ಕಂಡು ಮಾತಾಡಿದ್ದಾಯಿತು, ಫೋನ್ ಮಾಡಿದ್ದಾಯಿತು, ಮೇಲ್ ಕಳಿಸಿದ್ದೂ ಆಯಿತು. ನಮ್ಮ ಮನೆ ಮಾಲೀಕರಿಗೆ ಬರೆದುಕೊಡುತ್ತೇನೆ ಎಂದಿರಲ್ಲ, ಆ ಎರಡು ಸಾಲಿನ ಪತ್ರ ಮಾತ್ರ ಇನ್ನೂ ಬಂದಿಲ್ಲ. ಇಲ್ಲಿನ ಕನ್ನಡಿಗರಿಗೆ ವಿಷಯ ಗೊತ್ತೇ ಇದೆ, ಬೇಗ ಹೇಳಿಬಿಡುತ್ತೇನೆ.

ಸೀಮಂತದ ಅಡುಗೆ ಮಾಡಿದ್ದಕ್ಕೆ ನನಗೆ ಕೊಟ್ಟ 2,800 ಡಾಲರಿನ ಚೆಕ್ಕನ್ನು ಸೋಮವಾರ ನಿಮ್ಮ ಕೌಂಟರಿನಲ್ಲಿ ಕಟ್ಟಿದೆ. ಬುಧವಾರ ಖಾತೆಯಲ್ಲಿ ಹಣ ಕಾಣಿಸಿತು. ಆದರೂ ಶಾಖೆಗೆ ಬಂದು ಕೇಳಿದೆ. "ಚೆಕ್ ಪಾಸಾಗಿದೆ, ಧಾರಾಳವಾಗಿ ಬಳಸಿ" ಎಂದರು ನಿಮ್ಮವರು. ಅವತ್ತೇ ಬಾಡಿಗೆಗೆ 2,600ರ ಚೆಕ್ ಬರೆದುಕೊಟ್ಟೆ. ಗುರುವಾರ ಅಡುಗೆಯ ಚೆಕ್ ವಾಪಸ್ಸು, ಕೊಟ್ಟವರ ಖಾತೆಯಲ್ಲಿ ದುಡ್ಡಿರಲಿಲ್ಲ. ಜಮಾ ಮಾಡಿದ್ದನ್ನು ನೀವು ಹಿಂತೆಗೆದುಕೊಂಡಿರಿ, ಅಂದೇ ಬಂದ ನನ್ನ ಚೆಕ್ ಬೌನ್ಸ್ ಆಯಿತು.

ಅಲ್ಲ ಸ್ವಾಮಿ, ಬುಧವಾರ ಅದು ಪಾಸಾಗಿತ್ತೆ? 2001ರ ಸೆಪ್ಟೆಂಬರಿನಲ್ಲಿ ವಿಮಾನಗಳು ನಿಂತಾಗ ಕಾಗದದ ಚೆಕ್ಕುಗಳೂ ಅಲ್ಲಲ್ಲೇ ಉಳಿದವು. ಅದಾದ ಮೇಲೆ 2004ರಲ್ಲಿ ಜಾರಿಗೆ ಬಂದ ಕಾನೂನಿನಿಂದಾಗಿ ಈಗ ಚೆಕ್ಕಿನ ಚಿತ್ರವೇ ಓಡಾಡುತ್ತದೆ. ಸೋಮವಾರ ಕಟ್ಟಿದ್ದರ ಚಿತ್ರ ಮಂಗಳವಾರ ಅದನ್ನು ಕೊಟ್ಟವರ ಬ್ಯಾಂಕಿಗೆ ಸೇರಿತು. ಹಣ ಕೊಡುವುದೋ ತಿರುಗಿಸುವುದೋ ಎಂದು ತೀರ್ಮಾನಿಸಲು ಅವರಿಗೆ ಮಾರನೇ ದಿನದ ನಡುರಾತ್ರಿಯವರೆಗೆ ಅವಕಾಶ. ಅಂದರೆ, ಬುಧವಾರ ನಾನು ನಿಮ್ಮ ಕೌಂಟರಿನಲ್ಲಿ ನಿಂತಿದ್ದಾಗ ಏನೂ ಇತ್ಯರ್ಥವಾಗಿರಲಿಲ್ಲ. ಸಾಮಾನ್ಯ ಚೆಕ್ಕಿನ ಹಣವನ್ನು ಎರಡನೇ ಕೆಲಸದ ದಿನಕ್ಕೆ ಗ್ರಾಹಕರ ಬಳಕೆಗೆ ಬಿಡಬೇಕೆಂಬ ಫೆಡರಲ್ ನಿಯಮವಿದೆ, ಅದಕ್ಕೇ ನೀವು ಬಿಟ್ಟಿರಿ. ಅದು ನೀವು ಕೊಟ್ಟ ಮುಂಗಡ. ಹಾಗೆಂದು ಹೇಳಲು ಏನಾಗಿತ್ತು?

ಇನ್ನು ನನ್ನ ಪಾಡು. ನೀವು 35 ಡಾಲರ್ ಕತ್ತರಿಸಿದಿರಿ. ಮಾಲೀಕರು ಕ್ಯಾಲಿಫೋರ್ನಿಯಾ ಕಾನೂನಿನಂತೆ ಮೊದಲ ಬೌನ್ಸಿಗೆ ಹಾಕಬಹುದಾದ 25 ಡಾಲರನ್ನೂ ಹಾಕಿದರು, ಮೂರು ತಿಂಗಳು ಬಾಡಿಗೆಯನ್ನು ನಗದಾಗಿಯೇ ಕೊಡಬೇಕೆಂದು ನೋಟಿಸನ್ನೂ ಕೊಟ್ಟರು. ಅದಕ್ಕೂ ಕಾನೂನು ಅವಕಾಶ ಕೊಡುತ್ತದೆ. ಹಾಗಾಗಿ ಒಂದನೇ ತಾರೀಕು ನೂರರ ನೋಟುಗಳ ಲಕೋಟೆ ಹಿಡಿದು ಅವರ ಬಾಗಿಲಿಗೆ ಹೋಗುತ್ತಿದ್ದೇನೆ, ಅವರು ಎದುರಿಗೇ ಒಂದೊಂದಾಗಿ ಎಣಿಸಿಕೊಳ್ಳುತ್ತಾರೆ. ಸಾಲ ಮಾಡಿ ಆ ಬಾಡಿಗೆ ತೀರಿಸಿರದಿದ್ದರೆ ಗತಿ? ಮಾಲೀಕರು ಸರ್ಟಿಫೈಡ್ ಮೇಲ್‌ನಲ್ಲಿ ನೋಟಿಸು ಕಳಿಸಿ ಮೂವತ್ತು ದಿನವಾದರೂ ಹಣ ಬರದಿದ್ದರೆ ಚೆಕ್ಕಿನ ಮೊತ್ತದ ಜೊತೆಗೆ 1,500 ಡಾಲರಿನವರೆಗೂ ದಂಡ ಕೇಳಬಹುದು. ಮೋಸದ ಉದ್ದೇಶವಿಲ್ಲದೆ ಇಲ್ಲಿ ಜೈಲಿಲ್ಲ, ಪುಣ್ಯ. ಊರಿನಲ್ಲಾದರೆ 138ನೇ ಸೆಕ್ಷನ್ನಿನಲ್ಲಿ ಎರಡು ವರ್ಷದ ಮಾತು ಬರುತ್ತಿತ್ತು.

ಈ ಎಲ್ಲದಕ್ಕೂ ನಿಮ್ಮ ಎರಡು ಸಾಲು ಸಾಕಿತ್ತು. ಕೊಡುತ್ತೇನೆಂದವರೇ ಆಮೇಲೆ "ಖಾತೆ ತೆರೆಯುವಾಗ ಕೊಟ್ಟ ನಿಯಮಗಳನ್ನು ಓದಿಕೊಳ್ಳಿ ಮೇಡಂ" ಎಂದಿರಿ. ನಿಮ್ಮ ಸಿಬ್ಬಂದಿ ಓದಿದ್ದರೆ? ಕೇಳಿದವರಿಗೆಲ್ಲ ಪಾಸಾಗಿದೆ ಎನ್ನುವ ಇವರು ಇನ್ನೆಷ್ಟು ಜನರಿಗೆ ಹೀಗೆ ಹೇಳಿದ್ದಾರೋ! ವಾಪಸ್ಸಾಗಬಹುದೆಂಬ ಎಚ್ಚರಿಕೆ ಖಾತೆಯ ಮೊತ್ತದ ಪಕ್ಕದಲ್ಲೇ ಯಾಕಿಲ್ಲ? ಶುಲ್ಕ ಮಾತ್ರ ತಪ್ಪದೆ ಕಾಣುತ್ತದೆ.

ಮಾಲೀಕರಿಗೆ ಬರೆಯಿರಿ: ಈಕೆ ಚೆಕ್ ಬರೆದ ದಿನ ಖಾತೆಯಲ್ಲಿ ಹಣ ತೋರಿಸುತ್ತಿತ್ತು, ಪಾಸಾಗಿದೆ ಎಂದು ಹೇಳಿದ್ದು ನಮ್ಮ ಶಾಖೆ. ಮುಂದಿನ ಬಾಡಿಗೆಯ ಒಳಗೆ ಅದು ಅವರ ಕೈ ಸೇರಬೇಕು. ನನ್ನ 35 ಡಾಲರನ್ನೂ ವಾಪಸ್ ಹಾಕಿ.

ಇಂತಿ,
ನಿಮ್ಮ ಖಾತೆದಾರಳು