ಅಕ್ಷರಮಾಲೆ ಹಿಡಿದ ಕಥೆ

ಮಕ್ಕಳಿಗಾಗಿ ಬರೆಯುವ ಕಥೆಗಳಲ್ಲಿ ಒಂದು ವಿಶೇಷ ಬಗೆ ಉಂಟು. ಅದರ ಮೊದಲನೆಯ ವಾಕ್ಯ ‘ಅ’ಕಾರದಿಂದ ಆರಂಭವಾಗುತ್ತದೆ, ಎರಡನೆಯದು ‘ಆ’ಕಾರದಿಂದ, ಮೂರನೆಯದು ‘ಇ’ಕಾರದಿಂದ. ಹೀಗೆ ವರ್ಣಮಾಲೆ ಮುಗಿಯುವ ವೇಳೆಗೆ ಕಥೆಯೂ ಮುಗಿಯಬೇಕು. ವರ್ಣಮಾಲೆಯ ಕ್ರಮವನ್ನು ಹಿಡಿದು ರಚಿಸುವ ಪದ್ಧತಿ ಬಹಳ ಹಳೆಯದು. ಹೀಬ್ರೂ ಭಾಷೆಯ 119ನೆಯ ಕೀರ್ತನೆಯಲ್ಲಿ ಆ ಭಾಷೆಯ 22 ಅಕ್ಷರಗಳಿಗೆ ಒಂದೊಂದಕ್ಕೆ ಎಂಟು ವಚನಗಳಂತೆ 176 ವಚನಗಳಿವೆ. ಆದರೆ ಸ್ತುತಿಯಲ್ಲಿ ಒಂದೊಂದು ವಚನವೂ ತನ್ನಷ್ಟಕ್ಕೆ ನಿಲ್ಲಬಲ್ಲುದು. ಕಥೆಯಲ್ಲಿ ಹಾಗಲ್ಲ, ಅಲ್ಲಿ ಒಂದು ವಾಕ್ಯ ಮುಂದಿನ ವಾಕ್ಯವನ್ನು ಕರೆತರಬೇಕು.

ಇಂಥ ಕಥೆಯ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಒಂದೂ ಬಿಡದಂತೆ ಎಲ್ಲ ಅಕ್ಷರಗಳೂ ಬರಬೇಕು, ಒಂದು ತಪ್ಪಿದರೂ ಹಾರ ಕಡಿದಂತೆ ಎಂಬುದು ಮೊದಲನೆಯದು. ಕಥೆ ಕೆಡುವುದಾದರೆ ಅಕ್ಷರವನ್ನು ಬಿಡುವುದೇ ಸರಿ ಎಂಬುದು ಎರಡನೆಯದು. ಇವುಗಳಲ್ಲಿ ಯಾವುದು ಯುಕ್ತವೆಂಬುದನ್ನು ಕನ್ನಡ ಭಾಷೆಯೇ ತೀರ್ಮಾನಿಸಬಲ್ಲುದು.

ಕನ್ನಡ ವರ್ಣಮಾಲೆಯಲ್ಲಿ 13 ಸ್ವರಗಳು, 2 ಯೋಗವಾಹಗಳು, 34 ವ್ಯಂಜನಗಳು, ಒಟ್ಟು 49 ಅಕ್ಷರಗಳಿವೆ. ಇವುಗಳಲ್ಲಿ ಐದು ಅಕ್ಷರಗಳಿಂದ ಕನ್ನಡದ ಯಾವ ಪದವೂ ಆರಂಭವಾಗುವುದಿಲ್ಲ. ಅವು ಅಃ, ಙ, ಞ, ಣ ಮತ್ತು ಳ. ಇವು ಪದದ ಬಾಗಿಲಲ್ಲಿ ನಿಲ್ಲುವ ಅಕ್ಷರಗಳಲ್ಲ, ಒಳಮನೆಯಲ್ಲಿ ವಾಸಿಸುವಂಥವು. ‘ಅಣ್ಣ’ ಎಂಬಲ್ಲಿ ಣಕಾರವೂ ‘ಹಳ್ಳಿ’ ಎಂಬಲ್ಲಿ ಳಕಾರವೂ ಎಷ್ಟು ಸಹಜವಾಗಿವೆ! ‘ಅಂಗಳ’ವನ್ನು ಉಚ್ಚರಿಸುವಾಗ ಸೊನ್ನೆಯ ಜಾಗದಲ್ಲಿ ಕೇಳಿಬರುವುದು ಙಕಾರದ ಧ್ವನಿಯೇ. ‘ಜ್ಞಾನ’ದಲ್ಲಿ ಞಕಾರವು ಜಕಾರದ ಒತ್ತಾಗಿ ಕುಳಿತಿದೆ. ಇವುಗಳಿಗಾಗಿ ಇಲ್ಲದ ಪದವನ್ನು ಹುಟ್ಟಿಸಿ ವಾಕ್ಯದ ತಲೆಗೆ ಕಟ್ಟಿದರೆ, ಹತ್ತು ವರ್ಷದ ಮಗುವಿಗೆ ಅದರ ಭಾಷೆಯ ಬಗೆಗೆ ಸುಳ್ಳು ಹೇಳಿದಂತಾಗುತ್ತದೆ. ಆದುದರಿಂದ 44 ವಾಕ್ಯಗಳ ಕಥೆಯೇ ಕನ್ನಡದಲ್ಲಿ ಪೂರ್ಣವಾದ ಕಥೆ.

ಉಳಿದ ಅಕ್ಷರಗಳೆಲ್ಲ ಸುಲಭವಾದುವೇ? ಅದೂ ಇಲ್ಲ. ಖ, ಘ, ಛ, ಝ ಮೊದಲಾದ ಹತ್ತು ಮಹಾಪ್ರಾಣಗಳು ಅಚ್ಚಗನ್ನಡ ಪದಗಳ ಮೊದಲಲ್ಲಿ ಅಪರೂಪ. ಅವು ಬರುವುದು ಮುಖ್ಯವಾಗಿ ಮೂರು ದಾರಿಗಳಿಂದ. ‘ಭಯ’, ‘ಧಾವಿಸು’ ಎಂಬಂಥವು ಸಂಸ್ಕೃತದಿಂದ ಬಂದುವು; ‘ಖಾಲಿ’, ‘ಛತ್ರಿ’ ಎಂಬಂಥವು ಬೇರೆ ಭಾಷೆಗಳಿಂದ ಬಂದು ಬಳಕೆಯಲ್ಲಿ ಬೆರೆತುವು; ‘ಥಟ್ಟನೆ’, ‘ಢಣಢಣ’ ಎಂಬಂಥವು ಅನುಕರಣ ಶಬ್ದಗಳು. ಇದನ್ನರಿತ ಕಥೆಗಾರನು ‘ಅ’ಕಾರದಿಂದ ಬರೆಯಲು ಹೊರಡುವುದಿಲ್ಲ. ಮೊದಲು ಕಷ್ಟದ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಅವುಗಳ ಮುಂದೆ ಮಕ್ಕಳಿಗೆ ತಿಳಿದ ಪದಗಳನ್ನು ಜೋಡಿಸುತ್ತಾನೆ: ಋತು, ಐವತ್ತು, ಔಷಧ, ಖಾಲಿ, ಘಟ್ಟ, ಛತ್ರಿ, ಝರಿ, ಢಣಢಣ. ಈ ಪದಗಳನ್ನು ಒಟ್ಟಿಗೆ ನೋಡಿದೊಡನೆ ಮಳೆ, ಕಾಯಿಲೆ, ಹಳ್ಳ, ಗಂಟೆ ಕಣ್ಣಮುಂದೆ ಬರುತ್ತವೆ. ಕಥೆಯ ವಸ್ತು ಹುಟ್ಟುವುದು ಅಲ್ಲಿಂದ.

ಅವನಿಗೆ ನೆರವಾಗುವ ಇನ್ನೊಂದು ಸಂಗತಿ ಕನ್ನಡ ವಾಕ್ಯದ ರಚನೆ. ‘ಪಂಡಿತರು ದಡದಿಂದ ಗೌರಿಗೆ ಔಷಧವನ್ನು ಎಸೆದರು’ ಎಂಬ ವಾಕ್ಯವನ್ನು ‘ದಡದಿಂದ’, ‘ಗೌರಿಗೆ’, ‘ಔಷಧವನ್ನು’ ಎಂಬ ಯಾವ ಪದದಿಂದಲೂ ಆರಂಭಿಸಬಹುದು. ಯಾರು, ಯಾರಿಗೆ, ಏನನ್ನು ಎಂಬುದನ್ನು ವಿಭಕ್ತಿ ಪ್ರತ್ಯಯಗಳು ಹಿಡಿದಿಟ್ಟಿರುವುದರಿಂದ ಅರ್ಥ ಕೆಡುವುದಿಲ್ಲ. ಒಂದೇ ಸಂಗತಿಗೆ ನಾಲ್ಕು ಬಾಗಿಲುಗಳು ದೊರೆತಂತಾಯಿತು. ಅಲ್ಲದೆ, ವ್ಯಂಜನಕ್ಕೆ ಯಾವ ಸ್ವರ ಸೇರಿದ್ದರೂ ಸಲ್ಲುತ್ತದೆಂದು ಒಪ್ಪಿಕೊಂಡರೆ, ‘ಕ’ಕಾರದ ಸರದಿಯಲ್ಲಿ ‘ಕಾಲು’, ‘ಕೆಸರು’, ‘ಕೋಲು’ ಎಲ್ಲವೂ ಬರಬಹುದು.

ಈ ಕ್ರಮದಲ್ಲಿ ಕಟ್ಟಿದ ಒಂದು ಕಥೆ ಹೀಗಿದೆ:

ಅಜ್ಜಿಗೆ ಮೂರು ದಿನದಿಂದ ಜ್ವರ. ಆಷಾಢದ ಮಳೆ ಹಗಲಿರುಳೂ ಸುರಿಯುತ್ತಿತ್ತು. ಇದ್ದ ಕಷಾಯವೆಲ್ಲ ಮುಗಿದಿತ್ತು. ಈಗ ಏನು ಮಾಡುವುದೆಂದು ಗೌರಿಗೆ ತೋಚಲಿಲ್ಲ. ಉಳಿದವರೆಲ್ಲ ಗದ್ದೆಯ ನಾಟಿಗೆ ಹೋಗಿದ್ದರು. ಊರಿನಾಚೆ, ಹಳ್ಳದ ಆ ದಡದಲ್ಲಿ, ಪಂಡಿತರ ಮನೆಯಿತ್ತು. ಋತು ಬದಲಾದಾಗಲೆಲ್ಲ ಅಜ್ಜಿಗೆ ಮದ್ದು ಕೊಡುತ್ತಿದ್ದವರು ಅವರೇ. “ಎಚ್ಚರಿಕೆಯಿಂದ ಹೋಗಿ ಬಾ, ಮಗು” ಎಂದಳು ಅಜ್ಜಿ. ಏಳು ವರ್ಷದ ತಮ್ಮ ರಂಗ ಅಜ್ಜಿಯ ಬಳಿ ಕುಳಿತ. ಐವತ್ತು ರೂಪಾಯಿಯ ನೋಟನ್ನು ಗೌರಿ ಲಂಗದ ಅಂಚಿಗೆ ಗಂಟು ಹಾಕಿಕೊಂಡಳು. ಒಂದು ಕೈಯಲ್ಲಿ ಖಾಲಿ ಶೀಸೆ, ಇನ್ನೊಂದರಲ್ಲಿ ಹಳೆಯ ಛತ್ರಿ ಹಿಡಿದಳು. ಓಣಿ ದಾಟುವಷ್ಟರಲ್ಲಿ ಕಾಲೆಲ್ಲ ಕೆಸರಾಗಿತ್ತು. ಔಷಧವೊಂದೇ ಅವಳ ಮನಸ್ಸಿನಲ್ಲಿತ್ತು. ಅಂಜಿಕೆ ಬಂದದ್ದು ಹಳ್ಳದ ಸದ್ದು ಕೇಳಿದಾಗ.

ಕಾಲುಸಂಕದ ಅಡಿಕೆಮರಗಳು ನೀರಿಗೆ ತಾಗುತ್ತಿದ್ದವು. ಖಾಲಿ ಶೀಸೆಯನ್ನು ಎದೆಗೊತ್ತಿಕೊಂಡು ಅವಳು ಮೆಲ್ಲನೆ ಹೆಜ್ಜೆಯಿಟ್ಟಳು. ಗಾಳಿ ಒಮ್ಮೆಲೇ ಬೀಸಿತು. ಘಟ್ಟದ ಕಡೆಯಿಂದ ಕೆಂಪು ನೀರು ನುಗ್ಗಿ ಬಂತು. ಚೀರಲೂ ಅವಳಿಗೆ ದನಿ ಬರಲಿಲ್ಲ. ಛತ್ರಿ ಕೈಜಾರಿ ನೀರಿಗೆ ಬಿತ್ತು. ಜಾರಿದ ಕಾಲನ್ನು ಹಿಂದಕ್ಕೆಳೆದುಕೊಂಡು ಅವಳು ದಡಕ್ಕೆ ಮರಳಿದಳು. ಝರಿಯಂತಿದ್ದ ಹಳ್ಳ ಈಗ ಹೊಳೆಯಾಗಿತ್ತು. ಟೊಂಗೆಯೊಂದಕ್ಕೆ ಸಿಕ್ಕಿಕೊಂಡ ಛತ್ರಿ ಅಲ್ಲೇ ಗಿರಗಿರನೆ ತಿರುಗುತ್ತಿತ್ತು. ಠಾವು ಬಿಟ್ಟು ಕದಲದೆ ಅವಳು ಯೋಚಿಸಿದಳು. ಡೊಂಕು ಮರದ ಪಕ್ಕದ ಗುಡಿ ಅವಳ ಕಣ್ಣಿಗೆ ಬಿತ್ತು. ಢಣಢಣ ಎಂದು ಗುಡಿಯ ಗಂಟೆಯನ್ನು ಬಿಡದೆ ಬಾರಿಸಿದಳು.

ತುಸು ಹೊತ್ತಿನಲ್ಲಿ ಪಂಡಿತರು ಆಚೆ ದಡಕ್ಕೆ ಬಂದರು. ಥಟ್ಟನೆ ಗೌರಿ ಖಾಲಿ ಶೀಸೆಯನ್ನು ಎತ್ತಿ ತೋರಿಸಿದಳು. ದೂರದಿಂದಲೇ ಅವರಿಗೆ ಅರ್ಥವಾಯಿತು. ಧಾವಿಸಿ ಒಳಗೆ ಹೋಗಿ ಒಣಮದ್ದಿನ ಪೊಟ್ಟಣ ತಂದರು. ನೀರು ತಾಗದಂತೆ ಬಾಳೆಲೆಯಲ್ಲಿ ಸುತ್ತಿ ಅದಕ್ಕೊಂದು ಕಲ್ಲು ಕಟ್ಟಿದರು. ಪೊಟ್ಟಣ ಹಳ್ಳದ ಮೇಲೆ ಹಾರಿ ಬಂದು ಅವಳ ಕಾಲ ಬಳಿ ಬಿತ್ತು. ಫಕ್ಕನೆ ಅವಳಿಗೆ ನಗು ಬಂತು. ಬಂದ ದಾರಿಯಲ್ಲೇ ಮನೆಗೆ ಓಡಿದಳು. ಭಯವೆಲ್ಲ ಎಲ್ಲಿಗೋ ಹೋಗಿತ್ತು. ಮನೆಯಲ್ಲಿ ರಂಗ ಅಜ್ಜಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ.

“ಯಾಕಮ್ಮ ಇಷ್ಟು ನೆನೆದೆ, ಛತ್ರಿ ಎಲ್ಲಿ?” ಎಂದಳು ಅಜ್ಜಿ. ರಂಗನೂ ಅಕ್ಕನ ಮುಖ ನೋಡಿದ. ಲಂಗವನ್ನು ಹಿಂಡುವಾಗ ನೋಟಿನ ಗಂಟು ಗೌರಿಯ ಕೈಗೆ ತಾಗಿತು. “ವಾರದೊಳಗೆ ನೀರು ಇಳಿದೀತು, ಆಗ ಪಂಡಿತರಿಗೆ ಹಣ ಕೊಟ್ಟು ಛತ್ರಿಯನ್ನೂ ತರುತ್ತೇನೆ” ಎಂದಳು. ಶೀಸೆಯನ್ನು ಗೂಡಿನಲ್ಲಿ ಜೋಪಾನವಾಗಿ ಇಟ್ಟಳು. ಷಷ್ಠಿಯ ದಿನ ಅಜ್ಜಿಯ ಜ್ವರ ಬಿಟ್ಟಿತು. ಸಂಕದ ಕೆಳಗಿನ ನೀರೂ ಅಂದೇ ಇಳಿಯಿತು. ಹಳ್ಳ ದಾಟಿ ಹಣ ಕೊಟ್ಟು ಬಂದ ಗೌರಿಯ ತಲೆಯ ಮೇಲೆ, ಕಡ್ಡಿ ಮುರಿದಿದ್ದರೂ, ಅದೇ ಛತ್ರಿಯಿತ್ತು.

ಈ ಕಥೆಯಲ್ಲಿ ‘ಠ’ಕಾರದ ವಾಕ್ಯವನ್ನು ಗಮನಿಸಬೇಕು. ಅಲ್ಲಿಗೆ ಬೇಗ ಹೊಳೆಯುವ ಪದ ‘ಠಾಣೆ’. ಆದರೆ ಠಾಣೆ ಬಂದರೆ ಪೋಲೀಸರೂ ಬರಬೇಕು. ಮಳೆಗಾಲದ ಹಳ್ಳದ ದಂಡೆಯಲ್ಲಿ ಅವರಿಗೇನು ಕೆಲಸ? ಅಕ್ಷರ ಕಥೆಯನ್ನು ಎಳೆದೊಯ್ಯುವುದು ಇಂಥ ಕಡೆಯಲ್ಲಿಯೇ. ‘ಠಾವು’ ಎಂಬ ಪದವಾದರೋ ಗೌರಿಯನ್ನು ನಿಂತ ನೆಲದಲ್ಲಿಯೇ ನಿಲ್ಲಿಸಿ ಯೋಚಿಸಲು ಬಿಡುತ್ತದೆ.

ವಾಕ್ಯ ಅಕ್ಷರಕ್ಕಾಗಿ ಬಂದಿದೆಯೋ ಕಥೆಗಾಗಿ ಬಂದಿದೆಯೋ ಎಂದು ತಿಳಿಯಲು ಒಂದು ಸರಳವಾದ ಪರೀಕ್ಷೆಯುಂಟು. ಆ ವಾಕ್ಯವನ್ನು ಕೈಯಿಂದ ಮುಚ್ಚಿ ಓದಬೇಕು. ಖಾಲಿ ಶೀಸೆಯ ವಾಕ್ಯವನ್ನು ಮುಚ್ಚಿದರೆ ಪಂಡಿತರಿಗೆ ಸಂಗತಿ ಹೇಗೆ ತಿಳಿಯಿತೆಂಬುದೇ ಅರ್ಥವಾಗದು. ‘ಔಷಧವೊಂದೇ ಅವಳ ಮನಸ್ಸಿನಲ್ಲಿತ್ತು’ ಎಂಬುದನ್ನು ಮುಚ್ಚಿದರೆ ಕಥೆಗೆ ಯಾವ ನಷ್ಟವೂ ಇಲ್ಲ. ಅದು ‘ಔ’ಕಾರಕ್ಕಾಗಿಯೇ ಬಂದ ವಾಕ್ಯವೆಂದು ಒಪ್ಪಿಕೊಳ್ಳಬೇಕು. 44 ವಾಕ್ಯಗಳಲ್ಲಿ ಇಂಥ ಒಂದೆರಡು ಇದ್ದರೆ ಓದುಗನು ಸಹಿಸಿಯಾನು. ಹತ್ತಿದ್ದರೆ ಅದು ಕಥೆಯಲ್ಲ, ಚಿತ್ರಗಳಿಲ್ಲದ ಅಕ್ಷರಪಟ.

ಎಲ್ಲ ಅಕ್ಷರಗಳೂ ಬರಲೇಬೇಕೆನ್ನುವವರು ಒಂದು ಮಾತನ್ನು ಹೇಳಬಹುದು: ನಿಯಮವನ್ನು ಸಡಿಲಿಸಿದ ಆಟದಲ್ಲಿ ಏನು ಸ್ವಾರಸ್ಯ? ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ‘ಘ’ಕಾರ, ‘ಠ’ಕಾರ ಕಷ್ಟವೆಂಬ ಕಾರಣಕ್ಕೆ ಬಿಟ್ಟರೆ ಅದು ಸೋಮಾರಿತನವೇ ಸರಿ. ಆದರೆ ಕಷ್ಟವಾದುದೇ ಬೇರೆ, ಇಲ್ಲದುದೇ ಬೇರೆ. ಕಷ್ಟವಾದುದನ್ನು ಹುಡುಕಿ ತರಬೇಕು. ಇಲ್ಲದುದನ್ನು ಇಲ್ಲವೆಂದು ಹೇಳಬೇಕು.

ಹತ್ತು ವರ್ಷದ ಮಗು ಅಕ್ಷರಗಳನ್ನು ಆಗಲೇ ಕಲಿತಿರುತ್ತದೆ. ಅದಕ್ಕೆ ಈ ಕಥೆಯನ್ನು ಕೊಡುವಾಗ ಒಳಗಿನ ಗುಟ್ಟನ್ನು ಮೊದಲೇ ಹೇಳಬಾರದು. ಮೊದಲ ಸಲ ಅದು ಗೌರಿ ಹಳ್ಳ ದಾಟಿದಳೇ ಎಂಬುದಕ್ಕಾಗಿ ಓದಲಿ. ಎರಡನೆಯ ಸಲ ಅಕ್ಷರಗಳ ಸಾಲು ತಾನಾಗಿಯೇ ಅದರ ಕಣ್ಣಿಗೆ ಬಿದ್ದೀತು. ಆಗ ಅದು ಬೆರಳಿಟ್ಟು ಎಣಿಸುತ್ತ ಹೋಗಿ, ‘ಘ’ಕಾರದ ಮುಂದೆ ನಿಂತು, ‘ಙ ಎಲ್ಲಿ?’ ಎಂದು ಕೇಳುತ್ತದೆ. ಸುಳ್ಳು ಪದವೊಂದು ಅಲ್ಲಿ ಕುಳಿತಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ.