1.4 ಎಂಬುದು ಎರಡೂ ಕಡೆ ಒಂದೇ ಅಲ್ಲ

'ಕೌಂಟರ್-ಸ್ಟ್ರೈಕ್ 2' ಬಿಟ್ಟು 'ವ್ಯಾಲರಂಟ್'ಗೆ ಹೋಗುವವರಿಗೆ ಲೇಖನವೊಂದು ಉಪದೇಶ ಕೊಟ್ಟಿದೆ: ಡಿಪಿಐ ಮುಟ್ಟಬೇಡಿ, ಹಳೆಯ ಸೆನ್ಸಿಟಿವಿಟಿ ಅಂಕಿಯನ್ನೇ ಹಾಕಿ, ಗುರಿ ತಪ್ಪಿದರೆ ವಿಂಡೋಸ್‌ನಲ್ಲಿ ಪಾಯಿಂಟರ್ ವೇಗ ತಗ್ಗಿಸಿ. ಮೊದಲ ಮಾತು ಸರಿ. ಉಳಿದೆರಡೂ ತಪ್ಪು.

ಡಿಪಿಐ 800 ಎಂದರೆ ಮೌಸ್ ಒಂದು ಇಂಚು ಸರಿದಾಗ 800 ಎಣಿಕೆ ಕಳಿಸುತ್ತದೆ, ಅಷ್ಟೇ. ಒಂದು ಎಣಿಕೆಗೆ ನೋಟ ಎಷ್ಟು ತಿರುಗಬೇಕೆಂದು ಹೇಳುವುದು ಆಟ. ಸೆನ್ಸಿಟಿವಿಟಿ 1 ಇದ್ದಾಗ ಕೌಂಟರ್-ಸ್ಟ್ರೈಕ್ 0.022 ಡಿಗ್ರಿ ತಿರುಗಿಸಿದರೆ, ವ್ಯಾಲರಂಟ್ 0.07 ಡಿಗ್ರಿ ತಿರುಗಿಸುತ್ತದೆ. ಹಾಗಾಗಿ ಹಳೆಯ ಅಂಕಿಯನ್ನು ಸುಮಾರು 3.18ರಿಂದ ಭಾಗಿಸಬೇಕು.

ಅಲ್ಲಿ 1.4 ಇಟ್ಟವರಿಗೆ ಇಲ್ಲಿ 0.44. ಆಗ 800 ಡಿಪಿಐಯಲ್ಲಿ ಎರಡು ಆಟಗಳಲ್ಲೂ ಪೂರ್ತಿ ಒಂದು ಸುತ್ತಿಗೆ ಮೌಸ್ ಸುಮಾರು 37 ಸೆಂ.ಮೀ. ಸರಿಯಬೇಕು. ಲೇಖನದ ಮಾತು ನಂಬಿ 1.4 ಇಟ್ಟರೆ 12 ಸೆಂ.ಮೀ.ಗೇ ಬುಗುರಿ!

ಇನ್ನು ಪಾಯಿಂಟರ್ ವೇಗ. ರಾ ಇನ್‌ಪುಟ್ ಬಳಸುವ ಆಟ ಮೌಸ್‌ನ ಎಣಿಕೆಯನ್ನು ನೇರವಾಗಿ ಓದುತ್ತದೆ. ವಿಂಡೋಸ್‌ನ ವೇಗವಾಗಲಿ, Enhance pointer precision ಎಂಬ ವೇಗವರ್ಧನೆಯಾಗಲಿ ಅದನ್ನು ತಾಗುವುದಿಲ್ಲ. ಅನುಮಾನವಿದ್ದವರು ಪ್ಯಾಡ್ ಪಕ್ಕ ಸ್ಕೇಲ್ ಇಟ್ಟು, 20 ಸೆಂ.ಮೀ. ಒಮ್ಮೆ ನಿಧಾನವಾಗಿ, ಒಮ್ಮೆ ರಭಸದಿಂದ ಎಳೆಯಲಿ. ರಭಸಕ್ಕೆ ನೋಟ ಹೆಚ್ಚು ತಿರುಗಿದರೆ ಎಲ್ಲೋ ವೇಗವರ್ಧನೆ ಉಳಿದಿದೆ, ಮೌಸ್‌ನ ಸ್ವಂತ ಸಾಫ್ಟ್‌ವೇರ್‌ನಲ್ಲೂ ಇರಬಹುದು.

ಸ್ಕೋಪ್ ಏರಿಸಿದಾಗ ಮಾತ್ರ ಈ ಭಾಗಾಕಾರ ಸಾಲದು; ಅದರ ಸೆನ್ಸಿಟಿವಿಟಿಯನ್ನು ಬೇರೆಯಾಗಿಯೇ ಹೊಂದಿಸಿಕೊಳ್ಳಬೇಕು.